ಬಿಸಿ ಪೀಸ್, ಕೆಂಪು ಟ್ರೇ: ಪ್ರಶಸ್ತಿ ಪಡೆಯುವವರ ಪರಿಚಯವನ್ನು ಎರಡು ಪ್ರಸಂಗಗಳಲ್ಲಿ ಮಾಡುವುದು ಹೇಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು 160 ಜನರ ಮಷೀನ್ ಶಾಪ್. ಈ ಸಲದ ವಾರ್ಷಿಕೋತ್ಸವದಲ್ಲಿ, ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ 22 ವರ್ಷದಿಂದ ಇರುವ ಮೇಡಂ ಒಬ್ಬರಿಗೆ ಗುಣಮಟ್ಟ ಪ್ರಶಸ್ತಿ. ಪರಿಚಯ ಮಾಡಿಕೊಡುವವನು ನಾನು, ಮೂರು ನಿಮಿಷ ಕೊಟ್ಟಿದ್ದಾರೆ. ಎಚ್‌ಆರ್‌ನವರು 14 ಸಾಧನೆಗಳ ಪಟ್ಟಿ ಕಳಿಸಿದ್ದಾರೆ, ಓದಿದರೆ ನನಗೇ ಆಕಳಿಕೆ. ಅದರ ಬದಲು ಎರಡು ಪ್ರಸಂಗ ಹೇಳೋಣ ಅಂತಿದ್ದೇನೆ. 2019ರ ಬೇಸಿಗೆಯಲ್ಲಿ, ವಾಷಿಂಗ್ ಮಷೀನಿಂದ ಬಿಸಿಬಿಸಿಯಾಗಿ ಬಂದ ಪೀಸ್‌ಗಳನ್ನು ಪಾಸ್ ಮಾಡಿದ್ದು ನೋಡಿ ಅವರು ಲಾರಿ ನಿಲ್ಲಿಸಿದ್ದರು, ಪ್ರೊಡಕ್ಷನ್ ಮ್ಯಾನೇಜರ್ ಕೂಗಾಡಿದ್ದರು. ಇನ್ನೊಂದು ಸಲ ಟ್ರೈನಿ ಹುಡುಗನೊಬ್ಬ ಮೈಕ್ರೋಮೀಟರ್ ಬೀಳಿಸಿ ಬಚ್ಚಿಟ್ಟಾಗ, ಯಾರೆಂದು ಕೇಳದೆ ಟೇಬಲ್ ಮೇಲೆ ಒಂದು ಕೆಂಪು ಟ್ರೇ ಇಟ್ಟರು. ಆ ಹುಡುಗ ಈಗ ಶಿಫ್ಟ್ ಇನ್‌ಚಾರ್ಜ್, ಅವನೇ ನನಗೆ ಇದನ್ನು ಹೇಳಿದ್ದು. ಪಟ್ಟಿ ಬಿಟ್ಟರೆ ಮೇಡಂಗೆ ಅಗೌರವ ಆಗುತ್ತದಾ? ಎಂಡಿ ಏನಂದುಕೊಳ್ಳುತ್ತಾರೆ? ಹೇಗೆ ಹೇಳಬೇಕು?

ಉತ್ತರ:

ಪಟ್ಟಿಯನ್ನು ಬಿಸಾಡಬೇಕಾಗಿಲ್ಲ, ಅದರ ಜಾಗ ಬೇರೆ ಇದೆ. ನಮ್ಮ ಕಡೆ ಸನ್ಮಾನ ಅಂದರೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಇವುಗಳ ಜೊತೆಗೆ ಬಿನ್ನವತ್ತಳೆ. ಎಷ್ಟು ವರ್ಷದ ಸೇವೆ, ಯಾವ ಯಾವ ಜವಾಬ್ದಾರಿ, ಏನೇನು ಗೌರವ ಎಂಬುದನ್ನು ಸಾಲಾಗಿ ಬರೆದು, ಚೌಕಟ್ಟು ಹಾಕಿಸಿ, ಸಭೆಯ ಮುಂದೆ ಓದಿ ಕೈಗೆ ಕೊಡುವುದಕ್ಕೆಂದೇ ಇರುವ ಪತ್ರ ಅದು. ನಿಮ್ಮ 14 ಅಂಶಗಳು ಅಲ್ಲಿಗೆ ಹೋಗಲಿ. ಎಚ್‌ಆರ್‌ನವರ ಶ್ರಮವೂ ಉಳಿಯುತ್ತದೆ, ಮೇಡಂ ಮನೆಯ ಗೋಡೆಗೂ ಒಂದು ದಾಖಲೆ ಸಿಗುತ್ತದೆ. ಎಂಡಿಯವರಿಗೂ ಇದನ್ನೇ ಹೇಳಿ: ಪಟ್ಟಿ ಬಿನ್ನವತ್ತಳೆಯಲ್ಲಿದೆ, ಪರಿಚಯದಲ್ಲಿ ಪ್ರಸಂಗಗಳಿವೆ. ಅವರು ಬೇಡ ಎನ್ನುವುದಕ್ಕೆ ಕಾರಣ ಉಳಿಯುವುದಿಲ್ಲ.

ಅಗೌರವದ ಮಾತಿಗೆ ಬಂದರೆ, ಪಟ್ಟಿ ಓದುವುದೇ ಗೌರವ ಎಂಬುದು ಅಭ್ಯಾಸದಿಂದ ಬಂದ ನಂಬಿಕೆ. ಓದುಗನಿಗೆ ಪಟ್ಟಿ ಕಷ್ಟವಲ್ಲ, ಕಣ್ಣು ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಬಲ್ಲದು. ಕಿವಿಗೆ ಆ ಸೌಕರ್ಯ ಇಲ್ಲ. ಆಡಿಟ್‌ನಲ್ಲಿ ಇಷ್ಟು ಅಂಕ, ರಿಜೆಕ್ಷನ್ ಇಷ್ಟು ಇಳಿಕೆ, ಇಷ್ಟು ಜನರಿಗೆ ತರಬೇತಿ ಎಂದು ಒಂದರ ಹಿಂದೆ ಒಂದು ಬಂದಾಗ ಒಂದಕ್ಕೂ ಇನ್ನೊಂದಕ್ಕೂ ಕೊಂಡಿ ಇರುವುದಿಲ್ಲ. ನಾಲ್ಕನೆಯದು ಬರುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಇನ್ನೊಂದು ತೊಂದರೆಯೂ ಇದೆ. ಪಟ್ಟಿಯಲ್ಲಿ ಹೆಸರು ಅಳಿಸಿ ಪಕ್ಕದ ಡಿಪಾರ್ಟ್‌ಮೆಂಟಿನವರ ಹೆಸರು ಹಾಕಿ ನೋಡಿ. ಹತ್ತು ಅಂಶಗಳಾದರೂ ಅವರಿಗೂ ಸರಿಯಾಗಿ ಕೂರುತ್ತವೆ. ಬಿಸಿ ಪೀಸಿನ ಪ್ರಸಂಗ ಬೇರೆ ಯಾರಿಗೂ ಕೂರುವುದಿಲ್ಲ.

ಪ್ರಸಂಗ ಎರಡೇ ಏಕೆ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದೇ ಹೇಳಿದರೆ ಅದು ಆ ದಿನದ ಅದೃಷ್ಟ ಅನ್ನಿಸಬಹುದು. ಬೇರೆ ದಿನದ, ಬೇರೆ ಬಗೆಯ ಎರಡನೆಯದೊಂದು ಬಂದು ಅದೇ ಗುಣವನ್ನು ತೋರಿಸಿದಾಗ ಅದು ಆ ಮನುಷ್ಯರ ಸ್ವಭಾವ ಎಂದು ಕೇಳುವವರಿಗೆ ತಾನಾಗಿ ಗೊತ್ತಾಗುತ್ತದೆ. ಮೂರನೆಯದು ಸೇರಿದರೆ ಜನ ಇನ್ನೆಷ್ಟಿದೆ ಎಂದು ಎಣಿಸಲು ಶುರುಮಾಡುತ್ತಾರೆ, ನಿಮ್ಮ ಮೂರು ನಿಮಿಷವೂ ಸಾಲುವುದಿಲ್ಲ. ನಿಮ್ಮ ಕೈಯಲ್ಲಿರುವ ಜೋಡಿ ನಿಜಕ್ಕೂ ಚೆನ್ನಾಗಿದೆ: ಒಂದರಲ್ಲಿ ಪೀಸಿನ ಮುಂದೆ ಅವರು ಹೇಗೆ, ಇನ್ನೊಂದರಲ್ಲಿ ಮನುಷ್ಯರ ಮುಂದೆ ಹೇಗೆ. ಕೆಲಸದ್ದು ಮೊದಲು ಬರಲಿ, ಮನುಷ್ಯರದ್ದು ಆಮೇಲೆ. ಚಪ್ಪಾಳೆ ಬೀಳುವುದು ಎರಡನೆಯದಕ್ಕೆ ಅಂಟಿಕೊಂಡು, ಆದ್ದರಿಂದ ಅಲ್ಲಿ ವ್ಯಕ್ತಿ ಕಾಣಬೇಕು.

ಬರೆಯುವ ಮೊದಲು ಮೊದಲ ಪ್ರಸಂಗದ ಲೆಕ್ಕ ಸರಿ ಇದೆಯೇ ನೋಡಿ. ಸಭೆಯಲ್ಲಿ ಅಳತೆಯಲ್ಲೇ ಬದುಕುವವರು ಕೂತಿರುತ್ತಾರೆ, ಅವರ ಎದುರು ತಪ್ಪಿದರೆ ಮೇಡಂಗೆ ಮುಜುಗರ. ಈ ಕಥೆ ಹೇಳುವಾಗ ಎಡವುವ ಜಾಗ ಒಂದಿದೆ. ಲೋಹ ಬಿಸಿಯಾದರೆ ಹಿಗ್ಗಿ ತೂತು ಚಿಕ್ಕದಾಗುತ್ತದೆ ಎಂದು ಬಹಳ ಜನ ಹೇಳಿಬಿಡುತ್ತಾರೆ. ಹಾಗಲ್ಲ, ಇಡೀ ಪೀಸು ಎಲ್ಲ ದಿಕ್ಕಿಗೂ ಹಿಗ್ಗುವುದರಿಂದ ತೂತೂ ದೊಡ್ಡದಾಗುತ್ತದೆ. ಅದಕ್ಕೇ, ತೂತು ಇರಬೇಕಾದ್ದಕ್ಕಿಂತ ಚಿಕ್ಕದಾಗಿಲ್ಲ ಎಂದು ಖಚಿತಪಡಿಸುವ ಗೋ ಗೇಜ್ ಬಿಸಿ ಇದ್ದಾಗ ಸಲೀಸಾಗಿ ಇಳಿದಿದ್ದು, ತಣ್ಣಗಾದ ಮೇಲೆ ಇಳಿಯದಿದ್ದದ್ದು. ಎಷ್ಟು ವ್ಯತ್ಯಾಸ ಅಂದರೆ, ಉಕ್ಕು ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ನಿಮ್ಮ ಪೀಸಿನ ಬೋರ್, ಅಂದರೆ ತೂತಿನ ವ್ಯಾಸ, 50 ಮಿಲಿಮೀಟರ್ ಇದ್ದು, ಪೀಸು ಗೇಜ್‌ಗಿಂತ 15 ಡಿಗ್ರಿ ಬಿಸಿ ಇತ್ತು ಎಂದುಕೊಳ್ಳಿ. ಆಗ ಹಿಗ್ಗುವುದು ಸುಮಾರು 9 ಮೈಕ್ರಾನ್. ಅಲ್ಯೂಮಿನಿಯಂ ಪೀಸಾಗಿದ್ದರೆ ಇದು ಹೆಚ್ಚುಕಡಿಮೆ ಎರಡರಷ್ಟು. ನಿಮ್ಮ ನಿಜವಾದ ಬೋರ್ ಎಷ್ಟೆಂದು ಡ್ರಾಯಿಂಗ್ ನೋಡಿ ಲೆಕ್ಕ ಹಾಕಿಕೊಳ್ಳಿ.

ಆದರೆ ವೇದಿಕೆಯ ಮೇಲೆ ಮೈಕ್ರಾನ್ ಎನ್ನಬೇಡಿ. ಮನೆಯವರು, ಮಕ್ಕಳು, ಆಫೀಸಿನ ಕಡೆಯವರು ಎಲ್ಲ ಇರುತ್ತಾರೆ. ಒಂಬತ್ತು ಮೈಕ್ರಾನ್ ಅಂದರೆ ತಲೆಗೂದಲಿನ ದಪ್ಪದಲ್ಲಿ ಹತ್ತರಲ್ಲೊಂದು ಪಾಲಿನ ಹತ್ತಿರ, ಅಷ್ಟು ಹೇಳಿದರೆ ಎಲ್ಲರಿಗೂ ಕಣ್ಣಿಗೆ ಕಟ್ಟುತ್ತದೆ. ಎಷ್ಟು ಪೀಸ್ ಇದ್ದವು, ಎಷ್ಟು ಹೊತ್ತು ಕಾದರು, ಕೊನೆಗೆ ಎಷ್ಟು ರಿಜೆಕ್ಟ್ ಆದವು ಎಂಬುದನ್ನು ಯಾರದೋ ನೆನಪಿನಿಂದ ತೆಗೆದುಕೊಳ್ಳದೆ ಆ ದಿನದ ಇನ್‌ಸ್ಪೆಕ್ಷನ್ ರಿಪೋರ್ಟ್ ತೆರೆದು ನೋಡಿ. ಇಂಥ ಕಥೆಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತವೆ, ನಾಲ್ವತ್ತು ಪೀಸು ಐದು ವರ್ಷದಲ್ಲಿ ನಾನೂರು ಆಗಿರುತ್ತದೆ. ರಿಪೋರ್ಟ್ ಸಿಗದಿದ್ದರೆ ಸಂಖ್ಯೆಯನ್ನೇ ಬಿಟ್ಟು "ಸುಮಾರು ಪೀಸ್‌ಗೆ" ಎಂದು ಹೇಳಿ, ಏನೂ ಕಡಿಮೆಯಾಗುವುದಿಲ್ಲ.

ಈಗ ಕಷ್ಟದ ವಿಷಯ. ಪ್ರಸಂಗ ಎಂದ ಮೇಲೆ ಅದರಲ್ಲಿ ಬೇರೆಯವರೂ ಇರುತ್ತಾರೆ, ಪಟ್ಟಿಯಲ್ಲಿ ಈ ಅಪಾಯ ಇರಲಿಲ್ಲ. ಕೂಗಾಡಿದ ಪ್ರೊಡಕ್ಷನ್ ಮ್ಯಾನೇಜರ್ ಸಭೆಯಲ್ಲೇ ಇರುತ್ತಾರೆ, ಬಹುಶಃ ಮುಂದಿನ ಸಾಲಿನಲ್ಲೇ. "ಮ್ಯಾನೇಜರ್ ಬೈದರೂ ಇವರು ಜಗ್ಗಲಿಲ್ಲ" ಎಂಬ ಒಂದು ವಾಕ್ಯ ಕಥೆಗೆ ಖಾರ ಕೊಡುತ್ತದೆ ನಿಜ, ಆದರೆ ಆ ಕ್ಷಣ 160 ಜನರ ತಲೆ ಅವರ ಕಡೆ ತಿರುಗುತ್ತದೆ, ಮೇಡಂ ಕಡೆಗಲ್ಲ. ಮರುದಿನ ಶಾಪ್ ಫ್ಲೋರ್‌ನಲ್ಲಿ ಅದರ ಬೆಲೆ ತೆರುವವರೂ ಮೇಡಂ ಅವರೇ. ಅದನ್ನು ತೆಗೆದುಬಿಡಿ. ಗೇಟಿನಲ್ಲಿ ಕಾಯುತ್ತಿರುವ ಲಾರಿ ಇದೆಯಲ್ಲ, ಒತ್ತಡ ಎಷ್ಟಿತ್ತು ಎಂಬುದನ್ನು ಅದೇ ಹೇಳುತ್ತದೆ. ಮ್ಯಾನೇಜರ್ ಒಳ್ಳೆಯ ಮನಸ್ಸಿನವರಾಗಿದ್ದರೆ ಇನ್ನೊಂದು ದಾರಿಯೂ ಇದೆ: ಅವರಿಗೆ ಮೊದಲೇ ಓದಿ ತೋರಿಸಿ, ಶಾಲು ಹೊದಿಸುವವರಲ್ಲಿ ಅವರೂ ಒಬ್ಬರಾಗಲಿ ಎಂದು ಕೇಳಿ. ಗೊತ್ತಿದ್ದವರಿಗೆ ಅದರ ಅರ್ಥ ಗೊತ್ತಾಗುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಸ್ಟಮರ್ ಕಡೆಯವರನ್ನು ಸಮಾರಂಭಕ್ಕೆ ಕರೆದಿದ್ದರೆ ಎಂಡಿಯವರ ಒಪ್ಪಿಗೆ ಇಲ್ಲದೆ ಮೊದಲ ಪ್ರಸಂಗ ಹೇಳಲೇಬೇಡಿ. ನಿಮ್ಮವರಿಗೆ ಅದು ಮೇಡಂ ಮಾಲು ಉಳಿಸಿದ ಕಥೆ. ಖರೀದಿಸುವವರಿಗೆ ಅದು ನಿಮ್ಮಲ್ಲಿ ಬಿಸಿ ಪೀಸು ಅಳೆದು ಪಾಸ್ ಮಾಡುತ್ತಿದ್ದರು ಎಂಬ ಕಥೆ. ಯಾವ ಕಸ್ಟಮರ್‌ನ ಮಾಲು, ಪಾರ್ಟ್ ನಂಬರ್ ಏನು ಎಂಬುದಂತೂ ಯಾರಿದ್ದರೂ ಬೇಡ.

ಇವಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೆ ಪರಿಚಯ ಹೀಗಿರುತ್ತದೆ. ಖಾಲಿ ಬಿಟ್ಟಿರುವ ಜಾಗಗಳನ್ನು ನೀವು ರಿಪೋರ್ಟ್ ನೋಡಿ ತುಂಬಬೇಕು. ಉದ್ಧರಣೆಯ ಮಾತುಗಳನ್ನು ಅಂದು ಅಲ್ಲಿದ್ದವರನ್ನು ಕೇಳಿ, ಮೇಡಂ ಆಡಿದಂತೆಯೇ ಬದಲಿಸಿಕೊಳ್ಳಬೇಕು.

> "2019ರ ಬೇಸಿಗೆ. ಸಂಜೆ ಹೊತ್ತು. ಗೇಟಲ್ಲಿ ಲಾರಿ ನಿಂತಿದೆ. ಪೀಸ್‌ಗಳು ವಾಷಿಂಗ್ ಮಷೀನಿಂದ ಆಗಷ್ಟೇ ಹೊರಗೆ ಬಂದಿವೆ. ಗೋ ಗೇಜ್ ಒಂದೊಂದು ತೂತಿನಲ್ಲೂ ಸಲೀಸಾಗಿ ಇಳೀತಿದೆ. ಎಲ್ಲ ಪಾಸ್.
>
> ಆಗ ಒಬ್ಬರು ಬಂದು ಒಂದು ಪೀಸ್ ಎತ್ತಿಕೊಂಡರು. ಗೇಜ್ ಹಾಕಲಿಲ್ಲ. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರು. 'ಇದು ಇನ್ನೂ ಬಿಸಿ ಇದೆ. ತಣ್ಣಗಾಗಲಿ, ಆಮೇಲೆ ನೋಡೋಣ' ಅಂದರು.
>
> ಲೋಹ ಬಿಸಿಯಾದರೆ ತೂತೂ ಹಿಗ್ಗುತ್ತೆ. ಎಷ್ಟು? ಒಂದು ತಲೆಗೂದಲನ್ನ ಹತ್ತು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು.
>
> ಲಾರಿ ಕಾಯಿತು. ___ ಗಂಟೆ ಆದಮೇಲೆ ಅದೇ ಗೇಜ್ ಮತ್ತೆ ಹಾಕಿದರು. ಪಾಸಾಗಿದ್ದ ಪೀಸ್‌ಗಳಲ್ಲಿ ___ ಪೀಸ್‌ಗೆ ಗೇಜ್ ಇಳಿಯಲೇ ಇಲ್ಲ.
>
> ಇನ್ನೊಂದು ದಿನ. ಬೆಳಗ್ಗೆ ಕೆಲಸ ಶುರುವಾಗೋ ಮುಂಚೆ ಅವರೇ ಒಂದು ಮೈಕ್ರೋಮೀಟರ್ ತೆಗೆದು ಝೀರೋ ನೋಡಿದರು. ಝೀರೋ ಕೂರಲಿಲ್ಲ. ಯಾರೋ ಬೀಳಿಸಿ, ಹೆದರಿ, ಒರೆಸಿ, ಡಬ್ಬದೊಳಗೆ ಇಟ್ಟುಬಿಟ್ಟಿದ್ದರು.
>
> 'ಯಾರು ಬೀಳಿಸಿದ್ದು?' ಅಂತ ಅವರು ಕೇಳಲಿಲ್ಲ. ಟೇಬಲ್ ಮೇಲೆ ಒಂದು ಕೆಂಪು ಟ್ರೇ ತಂದಿಟ್ಟರು. 'ಬಿದ್ದಿದ್ದನ್ನ ಇದರಲ್ಲಿ ಹಾಕಿ. ಹೆಸರು ಬೇಡ' ಅಂದರು.
>
> ಆ ಟ್ರೇ ಇವತ್ತಿಗೂ ಅಲ್ಲೇ ಇದೆ.
>
> ತಪ್ಪು ಅಳತೆಯನ್ನ ಅವರು ಬಿಡುವುದಿಲ್ಲ. ತಪ್ಪು ಮಾಡಿದವರನ್ನ ಹಂಗಿಸುವುದಿಲ್ಲ. 22 ವರ್ಷದಿಂದ ನಮ್ಮ ಫೈನಲ್ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿರುವ ಅವರಿಗೆ ಈ ವರ್ಷದ ಗುಣಮಟ್ಟ ಪ್ರಶಸ್ತಿ. ಶ್ರೀಮತಿ _______."

ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ನೋಡಿ. ಕನ್ನಡದಲ್ಲಿ ವೇದಿಕೆಯ ಮೇಲೆ ನಿಧಾನವಾಗಿ ಮಾತಾಡುವಾಗ ನಿಮಿಷಕ್ಕೆ ತೊಂಬತ್ತು ನೂರು ಪದ ಹೋಗುತ್ತವೆ. ನಡುನಡುವೆ ನಿಲ್ಲುವುದನ್ನೂ ಸೇರಿಸಿದರೆ ಇದು ಎರಡು, ಎರಡೂಕಾಲು ನಿಮಿಷ. ಉಳಿದ ಸಮಯವನ್ನು ತುಂಬಲು ಹೋಗಬೇಡಿ, ಹೆಸರಿನ ನಂತರದ ಚಪ್ಪಾಳೆಗೂ ಅವರು ಎದ್ದು ನಡೆದು ಬರುವುದಕ್ಕೂ ಅದು ಬೇಕು.

ಒಂದೆರಡು ಕಡೆ ಬದಲಾಯಿಸಬೇಕು ಅನ್ನಿಸಬಹುದು, ಅದಕ್ಕೇ ಹೇಳುತ್ತೇನೆ. ಪರಿಚಯ ನೇರವಾಗಿ ಸಂಜೆಯ ಲಾರಿಯಿಂದ ಶುರುವಾಗಿದೆ. ಅದರ ಮುಂದೆ "ವೇದಿಕೆಯ ಮೇಲಿನ ಗಣ್ಯರೇ" ಎಂದು ಎಲ್ಲರ ಹೆಸರು ಹಿಡಿದು ಹೊರಟರೆ ಅರ್ಧ ನಿಮಿಷ ಹೋಗುತ್ತದೆ, ನಿರೂಪಕರು ಆ ಕೆಲಸವನ್ನು ಆಗಲೇ ಮಾಡಿರುತ್ತಾರೆ. ಒಂದು "ಎಲ್ಲರಿಗೂ ನಮಸ್ಕಾರ" ಸಾಕು. ಎರಡನೆಯ ಪ್ರಸಂಗದಲ್ಲಿ ವಿವರಣೆಯೇ ಇಲ್ಲ ಎಂಬುದನ್ನೂ ಗಮನಿಸಿ. ಬಿದ್ದ ಮೈಕ್ರೋಮೀಟರಿನ ಝೀರೋವನ್ನು ಮತ್ತೆ ಕೂರಿಸಬಹುದು, ಆದರೆ ಅದರ ಎರಡು ಮುಖಗಳು ಸಮಾನಾಂತರ ತಪ್ಪಿದ್ದರೆ ಝೀರೋ ಸರಿ ಇದ್ದೂ ಅಳತೆ ಸುಳ್ಳು ಹೇಳುತ್ತದೆ, ಕ್ಯಾಲಿಬ್ರೇಷನ್‌ಗೆ ಕಳಿಸದೆ ಗೊತ್ತಾಗುವುದಿಲ್ಲ. ಟ್ರೇ ಎಷ್ಟು ದೊಡ್ಡ ಕೆಲಸ ಮಾಡುತ್ತಿದೆ ಎಂಬುದು ಇದರಲ್ಲಿದೆ, ಹೇಳಬೇಕು ಅನ್ನಿಸುವುದು ಸಹಜ. ಬೇಡ. ಶಾಪ್‌ನವರಿಗೆ ಅದು ಹೇಳದೆಯೂ ಗೊತ್ತು, ಉಳಿದವರಿಗೆ ಹೆದರಿದ ಹುಡುಗ ಮತ್ತು ಕೆಂಪು ಟ್ರೇ ಸಾಕು. ಮೂರು ನಿಮಿಷದಲ್ಲಿ ತಾಂತ್ರಿಕ ವಿವರಣೆ ಒಂದೇ ಇರಲಿ, ಅದನ್ನು ನಾವು ತೂತಿಗೆ ಖರ್ಚು ಮಾಡಿದ್ದೇವೆ.

ಹೆಸರು ಕೊನೆಗೆ ಬಂದಿರುವುದು ಗುಟ್ಟು ಕಾಯುವುದಕ್ಕಲ್ಲ. ಬ್ಯಾನರ್ ಮೇಲೆ ಅವರ ಫೋಟೋನೇ ಇರುತ್ತದೆ, "ಯಾರಿರಬಹುದು ಊಹಿಸಿ" ಎಂದರೆ ಸಪ್ಪೆಯಾಗುತ್ತದೆ. ಹೆಸರು ಕೇಳಿದ ತಕ್ಷಣ ಚಪ್ಪಾಳೆ ಬೀಳುತ್ತದೆ, ಆದ್ದರಿಂದ ಹೆಸರಿನ ಆಚೆ ಏನೂ ಇರಬಾರದು, ಅಷ್ಟೇ. ಹೆಸರಿಗೆ ಮುಂಚೆ ಒಂದು ಉಸಿರಿನಷ್ಟು ನಿಲ್ಲಿ, ಇನಿಷಿಯಲ್ ಸಮೇತ ಪೂರ್ತಿ ಹೆಸರು ಹೇಳಿ, ಮೈಕಿನಿಂದ ಹಿಂದೆ ಸರಿಯಿರಿ.

ಎಷ್ಟೇ ಚೆನ್ನಾಗಿ ಬರೆದರೂ ಕೆಡುವುದು ವೇದಿಕೆಯ ಕ್ರಮದಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಸನ್ಮಾನಿತರನ್ನು ಮೊದಲೇ ಕರೆದು ಕುರ್ಚಿಯಲ್ಲಿ ಕೂರಿಸುತ್ತಾರೆ. ಒಬ್ಬರು ಶಾಲು ಹೊದಿಸುತ್ತಿರುತ್ತಾರೆ, ಇನ್ನೊಬ್ಬರು ಪೇಟ ತೊಡಿಸುತ್ತಿರುತ್ತಾರೆ, ಫೋಟೋದವರು "ಸರ್ ಈ ಕಡೆ" ಎನ್ನುತ್ತಿರುತ್ತಾರೆ, ಅದರ ಮಧ್ಯೆ ಪರಿಚಯ ಓದಲಾಗುತ್ತಿರುತ್ತದೆ. ಪಟ್ಟಿ ಓದುವಾಗ ಇದರಿಂದ ನಷ್ಟವೇನಿಲ್ಲ, ಯಾರೂ ಕೇಳುತ್ತಿರಲಿಲ್ಲ. ಪ್ರಸಂಗ ಈ ಗದ್ದಲದಲ್ಲಿ ಉಳಿಯುವುದಿಲ್ಲ. ಹಾಗಾಗಿ ನಿರೂಪಕರ ಜೊತೆ ಕೂತು ಕ್ರಮವನ್ನು ಬದಲಿಸಿ: ಮೇಡಂ ತಮ್ಮ ಜಾಗದಲ್ಲೇ ಕೂತಿರುವಾಗ ನೀವು ಎರಡು ಪ್ರಸಂಗ ಹೇಳುತ್ತೀರಿ, ಹೆಸರು ಹೇಳುತ್ತೀರಿ, ಅವರು ನಡೆದು ಬರುತ್ತಾರೆ. ಶಾಲು, ಪೇಟ, ಬುಟ್ಟಿ ಎಲ್ಲ ನಡೆಯುವಾಗ ಬೇರೊಬ್ಬರು ಬಿನ್ನವತ್ತಳೆ ಓದಲಿ. ಆ 14 ಅಂಶಗಳಿಗೆ ಅದೇ ಸರಿಯಾದ ಹೊತ್ತು, ಗದ್ದಲದಲ್ಲಿ ಎರಡು ಕೇಳಿಸದಿದ್ದರೂ ಪತ್ರದಲ್ಲಿ ಇದ್ದೇ ಇರುತ್ತವೆ. ಹಿಂದಿನ ಪರದೆಯ ಮೇಲೆ ಪಟ್ಟಿ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ, ನೀವು ಮಾತಾಡುವಾಗ ಬೇಡವೆನ್ನಿ. ಪರದೆಯಲ್ಲಿ ಅಕ್ಷರ ಇದ್ದರೆ ಜನ ಓದುತ್ತಾರೆ, ನಿಮ್ಮ ಮಾತು ಕಿವಿಗೆ ಹೋಗುವುದಿಲ್ಲ.

ಸಭೆಯಲ್ಲಿ ತಮಿಳು, ತೆಲುಗು, ಹಿಂದಿಯವರೂ ಇರುತ್ತಾರೆ, ಪ್ರತಿ ಸಾಲಿಗೂ ಇಂಗ್ಲಿಷ್ ಅನುವಾದ ಸೇರಿಸಿ ಎಂಬ ಸಲಹೆ ಬರಬಹುದು. ಸಾಲುಸಾಲಿಗೆ ನಿಲ್ಲಿಸಿದರೆ ಪ್ರಸಂಗ ಸತ್ತುಹೋಗುತ್ತದೆ. ಗೇಜ್, ಪೀಸ್, ಲಾರಿ, ಟ್ರೇ, ಝೀರೋ ಎಲ್ಲರಿಗೂ ಗೊತ್ತಿರುವ ಮಾತುಗಳೇ, ಶಾಪ್‌ನಲ್ಲಿ ಆಡುವ ಕನ್ನಡ ಅವರಿಗೆ ಅರ್ಥವಾಗುತ್ತದೆ. ಮುಖ್ಯ ಅತಿಥಿಗೆ ಕನ್ನಡ ಬಾರದಿದ್ದರೆ ಅವರ ಕೈಗೆ ಇಂಗ್ಲಿಷಿನಲ್ಲಿ ಬರೆದ ಒಂದು ಪುಟ ಕೊಟ್ಟಿಡಿ.

ಮೇಡಂಗೆ ಮೊದಲೇ ಹೇಳಬೇಕಾ ಅಂದರೆ, ಹೇಳಬೇಕು. ಪೂರ್ತಿ ಬರಹ ತೋರಿಸಬೇಕಾಗಿಲ್ಲ, "ಬಿಸಿ ಪೀಸಿಂದು ಮತ್ತೆ ಟ್ರೇದು ಹೇಳ್ತೀನಿ ಮೇಡಂ, ಪರವಾಗಿಲ್ವಾ?" ಎಂದು ಕೇಳಿ. ಅಚ್ಚರಿಗೊಳಿಸುವ ಆಸೆಯಿಂದ ಹೇಳದೆ ಉಳಿಸಿಕೊಂಡವರು ಕೆಲವೊಮ್ಮೆ ವೇದಿಕೆಯ ಮೇಲೆ "ಅದು ನಾನೊಬ್ಬಳೇ ಮಾಡಿದ್ದಲ್ಲ" ಎಂಬ ತಿದ್ದುಪಡಿ ಕೇಳಬೇಕಾಗುತ್ತದೆ. ಆ ಸಂಜೆ ಪೀಸು ಬಿಸಿ ಇರುವುದನ್ನು ಮೊದಲು ಗಮನಿಸಿದ್ದು ಹೆಲ್ಪರ್ ಆಗಿದ್ದರೆ ಅದು ನಿಮಗೆ ಈಗಲೇ ಗೊತ್ತಾಗಬೇಕು. ಆಗ ಪ್ರಸಂಗ ಕೆಡುವುದಿಲ್ಲ, ಹೆಲ್ಪರ್ ಹೇಳಿದ್ದನ್ನು ಕೇಳಿಸಿಕೊಂಡು ಲಾರಿ ನಿಲ್ಲಿಸಿದವರು ಎಂದಾಗುತ್ತದೆ. ಒಂದು ಪ್ರಸಂಗ ಅವರಿಗೆ ಇಷ್ಟವಿಲ್ಲದಿದ್ದರೆ ಒಂದನ್ನೇ ಹೇಳಿ, ಪಟ್ಟಿಯಿಂದ ಅವರಿಗೆ ಮಾತ್ರ ಸಲ್ಲುವ ಎರಡು ಅಂಶ ಸೇರಿಸಿ. ಸ್ವಲ್ಪ ಸಪ್ಪೆಯಾದೀತು, ಆದರೆ ಇಷ್ಟವಿಲ್ಲದ ಕಥೆ ಕೇಳಿ ತಲೆತಗ್ಗಿಸಿ ಕೂರುವುದಕ್ಕಿಂತ ಎಷ್ಟೋ ಮೇಲು.

ಉಳಿದದ್ದು ಆ ಹುಡುಗ. ಅವನೇ ನಿಮಗೆ ಹೇಳಿದ್ದು ನಿಜ, ಆದರೆ ನಿಮ್ಮೊಬ್ಬರ ಹತ್ತಿರ ಹೇಳುವುದು ಬೇರೆ, ತನ್ನ ಕೈಕೆಳಗಿನವರೆಲ್ಲ ಕೂತಿರುವಾಗ ಕೇಳುವುದು ಬೇರೆ. ಹೆಸರು ಹೇಳದಿದ್ದರೂ 160 ಜನರಲ್ಲಿ ಹತ್ತು ಮಂದಿಗಾದರೂ ಗೊತ್ತಿರುತ್ತದೆ. ಕ್ಯಾಂಟೀನ್‌ನಲ್ಲಲ್ಲ, ಅವನೊಬ್ಬನೇ ಇದ್ದಾಗ ಆ ಭಾಗವನ್ನು ಬರೆದ ಹಾಗೆಯೇ ಓದಿ ತೋರಿಸಿ, ಯೋಚಿಸಲು ಒಂದು ದಿನ ಬಿಡಿ. ಒಪ್ಪಿದರೆ ಒಂದಕ್ಷರವನ್ನೂ ಬದಲಿಸದೆ ಅದನ್ನೇ ಹೇಳಿ. ಅವನು ಹಿಂಜರಿದರೆ ಒತ್ತಾಯ ಬೇಡ, ಬೀಳಿಸಿದ ಆ ಬೆಳಗನ್ನು ಪೂರ್ತಿ ಬಿಟ್ಟು ಟ್ರೇಯಿಂದಲೇ ಶುರುಮಾಡಬಹುದು: "ಫೈನಲ್ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಒಂದು ಕೆಂಪು ಟ್ರೇ ಇದೆ, ಎಲ್ಲರೂ ನೋಡಿದ್ದೀರಿ. ಕೈಜಾರಿ ಬಿದ್ದ ಗೇಜ್, ಮೈಕ್ರೋಮೀಟರ್ ಅದರಲ್ಲಿ ಹಾಕಬೇಕು. ಹಾಕಿದವರ ಹೆಸರನ್ನ ಅವರು ಇವತ್ತಿನವರೆಗೂ ಕೇಳಿಲ್ಲ."